ಹೆಬ್ಬೆರಳ ಉಗುರಿನಷ್ಟು ಜಾಗ

ನಾನು ಇಸ್ಲಾಂ ಸ್ವೀಕರಿಸಿ ಏಳನೆಯ ವಾರ ನಡೆಯುತ್ತಿತ್ತು. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಝಿನ ಬಾಂಗ್ ಆಗತಾನೇ ಮುಗಿದಿತ್ತು. ಮಧ್ಯಾಹ್ನದ ಝುಹರ್ ನಮಾಝಿಗೆಂದು ಮಾಡಿದ ವುಝೂ, ಅಂದರೆ ನಮಾಝಿಗೆ ಮೊದಲಿನ ಅಂಗಶುದ್ಧಿ, ಇನ್ನೂ ಇತ್ತು, ಅದರಲ್ಲೇ ಇಳಿಹೊತ್ತಿನ ಅಸರ್ ನಮಾಝ್ ಕೂಡ ಮಾಡಿದ್ದೆ. ಕೈಗೆ ಸ್ವಲ್ಪ ಧೂಳಾಗಿತ್ತು, ಬರೀ ಕೈ ತೊಳೆದುಕೊಂಡು ಹೊರಡೋಣ ಎಂದು ನಲ್ಲಿ ತಿರುಗಿಸಿದೆ. ಎಡಗೈ ಹೆಬ್ಬೆರಳ ಉಗುರಿನ ಮೇಲೆ ನೀರು ನಿಲ್ಲಲಿಲ್ಲ. ಕೆಸುವಿನೆಲೆಯ ಮೇಲೆ ಬಿದ್ದ ಹನಿಯ ಹಾಗೆ ಮಣಿಮಣಿಯಾಗಿ ಜಾರಿಹೋಯಿತು. ಬೇರೆ ಉಗುರುಗಳು ಒದ್ದೆಯಾಗಿ ಮಂಕಾಗಿದ್ದವು, ಇದೊಂದು ಮಾತ್ರ ಹೊಳೆಯುತ್ತಿತ್ತು. ಇನ್ನೊಂದು ಕೈಯ ಉಗುರಿನಿಂದ ಕೆರೆದು ನೋಡಿದೆ. ಅಂಚಿನಲ್ಲಿ ತೆಳ್ಳನೆಯ ಪೊರೆಯೊಂದು ಎದ್ದಿತು. ಬೆಳಿಗ್ಗೆ ಹತ್ತು ಗಂಟೆಗೆ ಕುರ್ಚಿಯ ಮುರಿದ ಕಾಲನ್ನು ಅಂಟಿಸಿದ್ದು ಆಗ ನೆನಪಾಯಿತು.

ವುಝೂವಿನ ಕಡ್ಡಾಯಗಳನ್ನು ನಾನು ಕಲಿತದ್ದು ಕುರ್‌ಆನಿನ ಐದನೆಯ ಅಧ್ಯಾಯದ ಆರನೆಯ ವಚನದಿಂದ. ನಮಾಝಿಗೆ ಹೊರಟಾಗ ಮುಖ ತೊಳೆಯಿರಿ, ಮೊಣಕೈವರೆಗೆ ಕೈಗಳನ್ನು ತೊಳೆಯಿರಿ, ತಲೆಯನ್ನು ಸವರಿರಿ, ಹರಡಿನ ಗಂಟುಗಳವರೆಗೆ ಕಾಲುಗಳನ್ನು ತೊಳೆಯಿರಿ ಎಂದು ಅಲ್ಲಿದೆ. ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರೇರಿಸುವುದು, ಮೂರು ಮೂರು ಸಲ ತೊಳೆಯುವುದು ನನಗೆ ಕಲಿಸಿದ ಹನಫಿ ಮದ್‌ಹಬ್‌ನಲ್ಲಿ, ಅಂದರೆ ಕರ್ಮಶಾಸ್ತ್ರದ ನಾಲ್ಕು ಪಂಥಗಳಲ್ಲಿ ಒಂದರಲ್ಲಿ, ಸುನ್ನತ್; ಮಾಡುವುದು ಒಳ್ಳೆಯದು, ಕಡ್ಡಾಯವಲ್ಲ. ವಚನದಲ್ಲಿರುವ ನಾಲ್ಕರಲ್ಲಿ ಒಂದು ಕೆಟ್ಟರೆ ಮಾತ್ರ ವುಝೂವೇ ಇಲ್ಲ. ನನ್ನ ಉಗುರು ಇದ್ದದ್ದು ಈ ನಾಲ್ಕರೊಳಗೆ.

ಆದರೂ ಮೊದಲು ಮನಸ್ಸಿಗೆ ಬಂದದ್ದು, ಒಂದು ಉಗುರು ತಾನೇ, ಎರಡೂ ಕೈಯನ್ನು ಮೊಣಕೈವರೆಗೆ ಚೆನ್ನಾಗಿಯೇ ತೊಳೆದಿದ್ದೇನಲ್ಲ ಎಂದು. ನನಗೆ ಕಲಿಸುತ್ತಿದ್ದ ಉಸ್ತಾದರು ಇದ್ದದ್ದು ಪಕ್ಕದ ಮನೆಯಲ್ಲಿ. ಹೋಗಿ ಅದನ್ನೇ ಕೇಳಿದೆ. ಅವರು ನನ್ನ ಕೈ ಹಿಡಿದು ಉಗುರನ್ನು ದೀಪಕ್ಕೆ ಒಡ್ಡಿ ನೋಡಿದರು.

"ಇದು ಬಣ್ಣವೋ, ಪದರವೋ?" ಎಂದರು.

"ಪದರ ಉಸ್ತಾದರೇ. ಅಂಚು ಏಳುತ್ತದೆ."

"ಹಾಗಾದರೆ ಇದರ ಕೆಳಗೆ ನೀರು ಹೋಗಿಲ್ಲ."

ಆ ಪ್ರಶ್ನೆಯಲ್ಲೇ ಒಂದು ಪಾಠವಿತ್ತು. ಮದರಂಗಿ ಹಚ್ಚಿದ ಕೈಯಲ್ಲಿ ವುಝೂ ಆಗುತ್ತದೆ, ಏಕೆಂದರೆ ಮದರಂಗಿಯನ್ನು ತೊಳೆದ ಮೇಲೆ ಉಳಿಯುವುದು ಬಣ್ಣ ಮಾತ್ರ, ಅದಕ್ಕೆ ಮೈ ಇಲ್ಲ. ಒಣಗಿದ ಹಿಟ್ಟು, ಮೇಣ, ಉಗುರಿನ ಬಣ್ಣ, ಅಂಟು ಇವಕ್ಕೆ ಮೈ ಇದೆ, ನೀರಿಗೆ ಅಡ್ಡ ನಿಲ್ಲುತ್ತವೆ. ಹಾಗೆಂದು ಫುಕಹಾ, ಅಂದರೆ ಕರ್ಮಶಾಸ್ತ್ರ ಪಂಡಿತರು, ಕಣ್ಣು ಮುಚ್ಚಿ ಕಡ್ಡಿ ಹಿಡಿದು ಅಳೆದವರಲ್ಲ. ಉಗುರಿನ ಸಂದಿಯಲ್ಲಿ ಸಾಮಾನ್ಯವಾಗಿ ಸೇರಿಕೊಳ್ಳುವ ಕೊಳೆಯನ್ನು ಹನಫಿ ಗ್ರಂಥಗಳು ಬಿಟ್ಟುಕೊಟ್ಟಿವೆ. ಬಟ್ಟೆಗೆ ಬಣ್ಣ ಹಾಕುವ ಕಸುಬಿನವನ ಉಗುರಿನ ಮೇಲೆ ಅಂಟಿದ ಬಣ್ಣವನ್ನೂ ಬಿಟ್ಟುಕೊಟ್ಟಿವೆ. ದಿನವೂ ಅದರಲ್ಲೇ ಕೈ ಅದ್ದುವವನಿಗೆ ಅದನ್ನು ತಪ್ಪಿಸುವುದು ಸಾಧ್ಯವಿಲ್ಲ, ತಪ್ಪಿಸಲಾಗದ್ದನ್ನು ಧರ್ಮ ಹೊರಿಸುವುದಿಲ್ಲ ಎಂಬುದು ಅದಕ್ಕೆ ಕಾರಣ. ನಾನು ವರ್ಷಕ್ಕೊಮ್ಮೆ ಕುರ್ಚಿ ರಿಪೇರಿ ಮಾಡುವವ. ನನಗೆ ಆ ರಿಯಾಯಿತಿ ಸಲ್ಲುವುದಿಲ್ಲ.

"ತಲೆಯನ್ನು ಪೂರ್ತಿ ಸವರದಿದ್ದರೂ ನಡೆಯುತ್ತದೆ ಎಂದು ನೀವೇ ಹೇಳಿದ್ದಿರಿ. ಕೈಯಲ್ಲಿ ಒಂದು ಉಗುರು ಬಿಟ್ಟರೆ ಏಕೆ ನಡೆಯುವುದಿಲ್ಲ?" ಎಂದು ಕೇಳಿದೆ. ವಾದಕ್ಕೆಂದು ಕೇಳಿದ್ದಲ್ಲ, ನಿಜಕ್ಕೂ ಅರ್ಥವಾಗಿರಲಿಲ್ಲ.

ಅವರು ವಚನವನ್ನು ಅರಬಿಯಲ್ಲಿ ಓದಿ, ನಿಮ್ಮ ತಲೆಗಳು ಎಂಬರ್ಥದ 'ರುಊಸಿಕುಮ್' ಎಂಬ ಪದದ ಹಿಂದಿರುವ 'ಬಿ' ಎಂಬ ಒಂದು ಅಕ್ಷರದ ಮೇಲೆ ಬೆರಳಿಟ್ಟರು. ಮುಖ, ಕೈಗಳ ಹಿಂದೆ ಆ ಅಕ್ಷರವಿಲ್ಲ. ತೊಳೆಯಿರಿ ಮುಖವನ್ನು, ಕೈಗಳನ್ನು ಎಂದು ನೇರವಾಗಿದೆ. ಕೈ ಎಂದರೆ ಇಡೀ ಕೈ, ಅದರಲ್ಲಿ ಉಗುರಿನಷ್ಟು ಒಣಗಿದ್ದರೆ 'ಕೈ ತೊಳೆದ' ಎಂದು ಹೇಳಲಾಗದು. ತಲೆಯ ಮಾತಿಗೆ ಬಂದಾಗ ಮಾತ್ರ 'ಬಿ' ಸೇರಿದೆ. ಇಮಾಮ್ ಶಾಫಿಈ (ಮರಣ 820) ಅದರಿಂದ ತಲೆಯ ಸ್ವಲ್ಪ ಭಾಗ, ಕೆಲವು ಕೂದಲಾದರೂ ಸಾಕು ಎಂದು ಅರ್ಥ ಮಾಡಿದರು. ಇಮಾಮ್ ಮಾಲಿಕ್ (ಮರಣ 795) ಆ ಅಕ್ಷರ ಭಾಗವನ್ನು ಸೂಚಿಸುವುದಿಲ್ಲ, ತಲೆ ಎಂದರೆ ಇಡೀ ತಲೆಯೇ ಎಂದರು. ಹನಫಿಗಳು, ಎಷ್ಟು ಎಂಬುದನ್ನು ವಚನ ಬಿಡಿಸಿ ಹೇಳಿಲ್ಲ, ಪ್ರವಾದಿಯವರು (ಸ) ಮುಂದಲೆಯನ್ನು ಸವರಿದ್ದನ್ನು ಮುಗೀರಾ ಬಿನ್ ಶುಅಬಾ ನೋಡಿ ಹೇಳಿದ್ದಾರೆ, ಅದೇ ಅಳತೆ ಎಂದು ತಲೆಯ ಕಾಲು ಭಾಗಕ್ಕೆ ನಿಂತರು. ಜಗಳವೆಲ್ಲ ಆ ಒಂದು ಅಕ್ಷರ ಇರುವ ಕಡೆ. ಅದಿಲ್ಲದ ಕೈಯ ವಿಷಯದಲ್ಲಿ ನಾಲ್ಕೂ ಮದ್‌ಹಬ್‌ಗಳ ಇಮಾಮರಿಗೆ ಒಂದೇ ಮಾತು.

ಆಮೇಲೆ ಅವರು ಹದೀಸ್, ಅಂದರೆ ಪ್ರವಾದಿಯವರ ಮಾತು ನಡೆಗಳ ವರದಿ, ಹೇಳಿದರು. ಒಂದು ಪ್ರಯಾಣದಲ್ಲಿ ಪ್ರವಾದಿಯವರು (ಸ) ಹಿಂದೆ ಉಳಿದಿದ್ದರು. ನಮಾಝಿನ ಹೊತ್ತು ಮೀರುತ್ತಿದೆ ಎಂದು ಅವರ ಸಂಗಾತಿಗಳಾದ ಸಹಾಬಿಗಳು ಆತುರದಲ್ಲಿ ಕಾಲಿನ ಮೇಲೆ ನೀರು ಸವರಿಕೊಂಡು ಮುಗಿಸುತ್ತಿದ್ದರು. ಅಷ್ಟರಲ್ಲಿ ಬಂದ ಪ್ರವಾದಿಯವರು ಎತ್ತರದ ದನಿಯಲ್ಲಿ, ಒಣಗಿದ ಹಿಮ್ಮಡಿಗಳಿಗೆ ನರಕಾಗ್ನಿಯ ದುರ್ಗತಿ ಇದೆ ಎಂದು ಎರಡು ಮೂರು ಬಾರಿ ಕೂಗಿ ಹೇಳಿದರು. ಇನ್ನೊಮ್ಮೆ ಒಬ್ಬರ ಪಾದದಲ್ಲಿ ಉಗುರಿನಷ್ಟು ಜಾಗ ಒಣಗಿದ್ದನ್ನು ಕಂಡು, ಹಿಂತಿರುಗಿ ಹೋಗಿ ವುಝೂವನ್ನು ಚೆನ್ನಾಗಿ ಮಾಡು ಎಂದರು. ಇದನ್ನು ಉಮರ್ (ರ) ವರದಿ ಮಾಡಿದ್ದಾರೆ. ಉಗುರಿನಷ್ಟು ಜಾಗ ಎಂದಾಗ ನನಗೆ ನನ್ನ ಹೆಬ್ಬೆರಳು ನೋಡಿಕೊಳ್ಳದೆ ಇರಲಾಗಲಿಲ್ಲ.

ಮೊದಲು ಅಂಟು ತೆಗೆಯುವ ಕೆಲಸ. ಉಗುರುಬೆಚ್ಚಗಿನ ನೀರಿಗೆ ಸೋಪು ಕದಡಿ ಹೆಬ್ಬೆರಳನ್ನು ಹತ್ತು ನಿಮಿಷ ಅದ್ದಿಟ್ಟೆ. ಮೆತ್ತಗಾದ ಪೊರೆಯನ್ನು ಅಂಚಿನಿಂದ ಬಿಡಿಸುತ್ತ ಬಂದೆ. ಉಗುರಿನ ಬುಡದಲ್ಲಿ ಚರ್ಮಕ್ಕೂ ಅಂಟಿತ್ತು. ಬ್ಲೇಡು ತರಲು ಎದ್ದಾಗ ಉಸ್ತಾದರು ತಡೆದರು. ಗಾಯವಾಗಿ ರಕ್ತ ಹರಿದರೆ ಹನಫಿ ಮತದಲ್ಲಿ ಇರುವ ವುಝೂವೂ ಮುರಿಯುತ್ತದೆ. ಅದಕ್ಕಿಂತ ಮೊದಲಾಗಿ, ಮೈಗೆ ನೋವು ಮಾಡಿಕೊಂಡು ತೆಗೆಯಬೇಕೆಂಬ ಆಜ್ಞೆಯೇ ಇಲ್ಲ. ಗಾಯದ ಪಟ್ಟಿ ಬಿಚ್ಚಿದರೆ ಅಪಾಯ ಎನ್ನುವವನು ಪಟ್ಟಿಯ ಮೇಲೆಯೇ ಒದ್ದೆ ಕೈ ಸವರಿದರೆ ಸಾಕಾಗುವ ಹಾಗೆ, ಗಾಯ ಮಾಡದೆ ಬಿಡಿಸಲಾಗದ ಚೂರು ಉಳಿದರೆ ಅದರ ಮೇಲೆ ನೀರು ಹರಿಸಿದರೆ ಆಯಿತು ಎಂದರು. ಆ ಮಾತು ಬೇಕಾಗಲಿಲ್ಲ. ಇನ್ನೊಂದು ಸಲ ಅದ್ದಿದ ಮೇಲೆ ಬುಡದ್ದೂ ಬಂತು. ಚರ್ಮ ಕೆಂಪಾಗಿತ್ತು, ಅಷ್ಟೆ. ಈಗ ನೀರು ಹಾಕಿದರೆ ಉಗುರು ಉಳಿದವುಗಳ ಹಾಗೆ ಒದ್ದೆಯಾಗಿ ಮಂಕಾಯಿತು. ಪೊರೆ ಹೋಗಿದೆಯೋ ಇಲ್ಲವೋ ತಿಳಿಯಲು ನನಗೆ ಗೊತ್ತಾದ ಗುರುತು ಇದೇ: ನೀರು ಮಣಿಯಾದರೆ ಇನ್ನೂ ಇದೆ, ಹರಡಿಕೊಂಡರೆ ಹೋಗಿದೆ.

"ಇನ್ನು ಇಡೀ ವುಝೂ ಮತ್ತೆ ಮಾಡಲೇ?" ಎಂದೆ.

"ನಿನ್ನ ಮಧ್ಯಾಹ್ನದ ವುಝೂ ಮುರಿಯುವಂಥದ್ದು ಏನಾದರೂ ಆಗಿದೆಯೇ?"

"ಇಲ್ಲ."

"ಹಾಗಾದರೆ ಈಗ ಆ ಉಗುರು ತೊಳೆದೆಯಲ್ಲ, ನಿನ್ನ ವುಝೂ ಈಗ ಪೂರ್ತಿಯಾಯಿತು."

ಮಧ್ಯಾಹ್ನ ಶುರುವಾದ ವುಝೂ ಸಂಜೆ ಮುಗಿಯಿತು ಎನ್ನುವುದನ್ನು ಜೀರ್ಣಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ನಾನು ಹೊಸಬ ಎಂದು ಸಡಿಲ ಬಿಡುತ್ತಿದ್ದಾರೇನೋ ಎಂದೂ ಅನ್ನಿಸಿತು. ಅದು ಅವರಿಗೆ ಗೊತ್ತಾಗಿರಬೇಕು. ಇದೇ ಉಗುರಿಗೆ ನಾಲ್ಕು ಮದ್‌ಹಬ್‌ಗಳು ಏನು ಹೇಳುತ್ತವೆ, ಏಕೆ ಹೇಳುತ್ತವೆ ಎಂದು ವಿವರಿಸಿದರು. ಕರ್ಮಶಾಸ್ತ್ರ ಎಂದರೆ ಮಾಡು, ಬಿಡು ಎಂಬ ಪಟ್ಟಿ ಎಂದುಕೊಂಡಿದ್ದ ನನಗೆ ಅದರ ಒಳಗಿನ ಯೋಚನೆ ಕಂಡದ್ದು ಅವತ್ತೇ.

ಎರಡು ಪ್ರಶ್ನೆಗಳಿವೆ. ಅಂಗಗಳನ್ನು ವಚನದಲ್ಲಿರುವ ಕ್ರಮದಲ್ಲೇ ತೊಳೆಯಬೇಕೇ? ಒಂದು ಒಣಗುವ ಮೊದಲು ಇನ್ನೊಂದನ್ನು, ಬಿಡುವಿಲ್ಲದೆ ತೊಳೆಯಬೇಕೇ? ಹನಫಿಗಳ ಪ್ರಕಾರ ಎರಡೂ ಸುನ್ನತ್, ಕಡ್ಡಾಯವಲ್ಲ. ವಚನದಲ್ಲಿ ಅಂಗಗಳನ್ನು ಜೋಡಿಸಿರುವುದು 'ವ', ಎಂದರೆ 'ಮತ್ತು' ಎಂಬ ಪದ. ಅರಬಿಯಲ್ಲಿ ಅದು ಕೂಡಿಸುತ್ತದೆಯೇ ಹೊರತು ಯಾವುದು ಮೊದಲು ಯಾವುದು ನಂತರ ಎಂದು ಹೇಳುವುದಿಲ್ಲ. ಜೊತೆಗೆ ನೀರಿನ ಗುಣವೇ ಶುಚಿ ಮಾಡುವುದು. ತೊಳೆದ ಅಂಗ ಶುಚಿಯಾಯಿತು, ಇನ್ನೊಂದು ತಡವಾಯಿತೆಂದು ಅದು ಮತ್ತೆ ಅಶುಚಿಯಾಗುವುದಿಲ್ಲ. ಇದೇ ತರ್ಕದಿಂದ ಅವರು ವುಝೂವಿಗೆ ನಿಯ್ಯತ್ ಅನ್ನು, ಮನಸ್ಸಿನ ಸಂಕಲ್ಪವನ್ನು, ಕಡ್ಡಾಯ ಮಾಡಲಿಲ್ಲ. ಮಣ್ಣಿನಿಂದ ಮಾಡುವ ತಯಮ್ಮುಮ್‌ಗೆ ಮಾತ್ರ ಕಡ್ಡಾಯ ಮಾಡಿದರು. ಮಣ್ಣು ತನ್ನಷ್ಟಕ್ಕೆ ಕೊಳೆ ಮಾಡುವಂಥದ್ದು, ಅದು ಶುಚಿಯ ಸಾಧನವಾಗುವುದು ಸಂಕಲ್ಪದಿಂದಲೇ. ತಯಮ್ಮುಮ್ ಎಂಬ ಪದದ ಅರ್ಥವೇ ಉದ್ದೇಶಿಸುವುದು ಎಂದು.

ಶಾಫಿಈ ಮದ್‌ಹಬ್‌ನವನಾಗಿದ್ದರೆ ಉಗುರು ತೊಳೆದು ಅಲ್ಲಿಗೆ ಬಿಡುವಂತಿರಲಿಲ್ಲ. ಅದರ ಮುಂದಿನ ಎರಡನ್ನೂ, ತಲೆ ಸವರುವುದನ್ನೂ ಕಾಲು ತೊಳೆಯುವುದನ್ನೂ, ಮತ್ತೆ ಮಾಡಬೇಕಿತ್ತು. ಅವರಿಗೆ ಕ್ರಮ ಕಡ್ಡಾಯ. ಅವರ ಕಾರಣ ನನಗೆ ತುಂಬ ಹಿಡಿಸಿತು. ಮುಖ, ಕೈ, ಕಾಲು ಮೂರೂ ತೊಳೆಯುವಂಥವು, ತಲೆಯೊಂದು ಸವರುವಂಥದ್ದು. ತೊಳೆಯುವುದನ್ನೆಲ್ಲ ಒಟ್ಟಿಗೆ ಹೇಳಿ ಸವರುವುದನ್ನು ಕೊನೆಗೆ ಹೇಳಬಹುದಿತ್ತು. ಹಾಗೆ ಮಾಡದೆ ಎರಡು ತೊಳೆಯುವುದರ ನಡುವೆ ಸವರುವುದನ್ನು ತಂದು ಕೂರಿಸಿದೆ. ಒಂದೇ ಜಾತಿಯವನ್ನು ಹೀಗೆ ಬಿಡಿಸಿ ಹೇಳುವುದು ಅರಬರ ಮಾತಿನ ರೀತಿಯಲ್ಲ, ಉದ್ದೇಶವಿಲ್ಲದೆ ಹೇಳುವುದಿಲ್ಲ. ಆ ಉದ್ದೇಶವೇ ಕ್ರಮ. ಆದರೆ ಬಿಡುವಿಲ್ಲದೆ ಮಾಡುವುದನ್ನು ಇಮಾಮ್ ಶಾಫಿಈ ತಮ್ಮ ನಂತರದ ಅಭಿಪ್ರಾಯದಲ್ಲಿ ಕಡ್ಡಾಯ ಮಾಡಲಿಲ್ಲ. ಇಬ್ನ್ ಉಮರ್ (ರ) ಮಾರುಕಟ್ಟೆಯಲ್ಲಿ ಮುಖ, ಕೈ, ತಲೆಯವರೆಗೆ ಮುಗಿಸಿ, ಸತ್ತವರಿಗಾಗಿ ಮಾಡುವ ಜನಾಝಾ ನಮಾಝಿಗೆ ಕರೆ ಬಂದು ಮಸೀದಿಗೆ ಹೋದ ಮೇಲೆ ಅಲ್ಲಿ ತಮ್ಮ ಚರ್ಮದ ಕಾಲುಚೀಲದ ಮೇಲೆ ಸವರಿದ ವರದಿ ಅದಕ್ಕೆ ಆಧಾರ.

ಮಾಲಿಕಿಗಳಿಗೆ ಬಿಡುವಿಲ್ಲದಿರುವುದು ಕಡ್ಡಾಯ, ಆದರೆ ನೆನಪೂ ಶಕ್ತಿಯೂ ಇದ್ದವನಿಗೆ ಮಾತ್ರ. ಮರೆವು ಕ್ಷಮಿಸಲ್ಪಟ್ಟದ್ದು ಎಂಬುದು ಅವರ ಆಧಾರ. ನನ್ನಂತೆ ಗೊತ್ತಿಲ್ಲದೆ ಬಿಟ್ಟು ಬಹಳ ಹೊತ್ತಾದವನು ನೆನಪಾದ ಕೂಡಲೇ, ಸಂಕಲ್ಪದೊಂದಿಗೆ, ಆ ಜಾಗವನ್ನಷ್ಟೇ ತೊಳೆದರೆ ಸಾಕು. ಗೊತ್ತಾದ ಮೇಲೂ ಸುಮ್ಮನೆ ಕೂತರೆ ಆ ಕ್ಷಮೆ ಇಲ್ಲ. ಇಮಾಮ್ ಅಹ್ಮದ್ ಬಿನ್ ಹಂಬಲ್ (ಮರಣ 855) ಅವರ ಮದ್‌ಹಬ್‌ನಲ್ಲಿ ನಾನು ಮೊದಲಿನಿಂದ ಎಲ್ಲವನ್ನೂ ಮಾಡಬೇಕಿತ್ತು. ಕಾಲಿನಲ್ಲಿ ದಿರ್ಹಮ್ ನಾಣ್ಯದಷ್ಟು ಜಾಗ ಒಣಗಿದ್ದವನಿಗೆ ಪ್ರವಾದಿಯವರು ವುಝೂವನ್ನೂ ನಮಾಝನ್ನೂ ಮರಳಿ ಮಾಡಲು ಹೇಳಿದರೆಂಬ ಇನ್ನೊಂದು ಹದೀಸನ್ನು ಅವರು ಹಿಡಿದರು. ಆ ಜಾಗವನ್ನಷ್ಟೇ ತೊಳೆ ಎಂದು ಹೇಳಬಹುದಿತ್ತಲ್ಲ, ಹೇಳಲಿಲ್ಲ ಎಂಬುದು ಅವರ ವಾದ. 'ಚೆನ್ನಾಗಿ ಮಾಡು' ಎಂದ ಹದೀಸಿಗೆ ಉಳಿದವರು, ಬಿಟ್ಟದ್ದನ್ನು ಪೂರ್ತಿ ಮಾಡುವುದೂ ಚೆನ್ನಾಗಿ ಮಾಡುವುದೇ ಎಂದು ಅರ್ಥ ಕೊಟ್ಟರು.

ಒಂದು ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಉಗುರು ಒಣಗಿದ್ದಾಗ ಮಾಡಿದ ನಮಾಝ್ ನಮಾಝಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ಪಾಪವಿಲ್ಲ, ಆದರೆ ಸಾಲ ತೀರಿಲ್ಲ.

ಎಷ್ಟು ಸಾಲ? ನಾನು ಗಾಬರಿಯಲ್ಲಿ, ಈ ವಾರದ್ದೆಲ್ಲ ಮರಳಿ ಮಾಡಿಬಿಡುತ್ತೇನೆ, ಮೊನ್ನೆಯೂ ಚಪ್ಪಲಿಗೆ ಅಂಟು ಹಾಕಿದ್ದೆ ಎಂದೆ. ಉಸ್ತಾದರು ವೈದ್ಯರು ಕೇಳುವ ಹಾಗೆ ಒಂದೊಂದೇ ಕೇಳಿದರು. ಮೊನ್ನೆ ಉಗುರಿಗೆ ಅಂಟು ತಾಗಿದ್ದು ಕಂಡಿದ್ದೆಯಾ? ಇಲ್ಲ. ನಿನ್ನೆ ವುಝೂ ಮಾಡುವಾಗ ಉಗುರಿನ ಮೇಲೆ ನೀರು ಮಣಿಯಾಗಿತ್ತಾ? ಗಮನಿಸಿಲ್ಲ. ಇವತ್ತು ಕುರ್ಚಿಯ ಕಾಲನ್ನು ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆಯಾ? ಹೌದು, ಐದು ನಿಮಿಷ.

ಹಾಗಾದರೆ ಬೆಳಿಗ್ಗೆ ಹತ್ತರಿಂದ ಈಚೆಗೆ. ಮುಂಜಾವಿನ ಫಜ್ರ್ ನಮಾಝ್ ಅದಕ್ಕೆ ಮೊದಲು ಆಗಿದೆ, ಅದು ಸರಿಯಿದೆ. ಝುಹರ್, ಅಸರ್ ಎರಡು ಮರಳಿ ಮಾಡಬೇಕು. ಯಾವಾಗ ಆಯಿತೆಂದು ತಿಳಿಯದ ಘಟನೆಯನ್ನು ಅದಕ್ಕೆ ಸಾಧ್ಯವಿರುವ ಅತ್ಯಂತ ಹತ್ತಿರದ ಹೊತ್ತಿಗೆ ಸೇರಿಸಬೇಕು ಎಂಬುದು ಕರ್ಮಶಾಸ್ತ್ರದ ಒಂದು ಸೂತ್ರ.

ಇದಕ್ಕೆ ಅವರು ಹೇಳಿದ ಬಾವಿಯ ಪ್ರಸಂಗ ನನಗೆ ಬಾಯಿಪಾಠವಾಗಿ ಉಳಿದಿದೆ. ಬಾವಿಯಲ್ಲಿ ಸತ್ತ ಇಲಿ ಸಿಕ್ಕಿತು, ಯಾವಾಗ ಬಿದ್ದದ್ದೋ ಗೊತ್ತಿಲ್ಲ. ಆ ನೀರಲ್ಲಿ ವುಝೂ ಮಾಡಿದವರ ಗತಿ ಏನು? ಇಮಾಮ್ ಅಬೂ ಹನೀಫಾ (ಮರಣ 767) ಎಚ್ಚರಿಕೆಯ ಪಕ್ಷ ಹಿಡಿದರು. ಇಲಿ ಊದಿಲ್ಲದಿದ್ದರೆ ಒಂದು ಹಗಲು ಒಂದು ರಾತ್ರಿಯ ನಮಾಝ್, ಊದಿದ್ದರೆ ಮೂರು ಹಗಲು ಮೂರು ರಾತ್ರಿಯ ನಮಾಝ್ ಮರಳಿ ಮಾಡಬೇಕು ಎಂದರು. ಪ್ರಾಣಿ ನೀರಿಗೆ ಬಿದ್ದದ್ದು ಕಾಣುತ್ತಿರುವಾಗ ಸಾವನ್ನು ಅದಕ್ಕೇ ಹೊಂದಿಸಬೇಕು, ಊದುವುದಕ್ಕೆ ದಿನಗಳು ಬೇಕು ಎಂಬುದು ಅವರ ಲೆಕ್ಕ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅದನ್ನು ಒಪ್ಪಲಿಲ್ಲ. ಬಿದ್ದ ಹೊತ್ತು ಖಚಿತವಾಗುವವರೆಗೆ ಹಿಂದಿನದು ಯಾವುದನ್ನೂ ಮರಳಿ ಮಾಡಬೇಕಿಲ್ಲ, ನೀರು ಶುದ್ಧವಾಗಿತ್ತು ಎಂಬುದು ನಿಶ್ಚಿತವಾಗಿತ್ತು, ಸಂಶಯದಿಂದ ನಿಶ್ಚಯ ಹೋಗುವುದಿಲ್ಲ ಎಂದರು. ಅಬೂ ಯೂಸುಫ್ ಮೊದಲು ಗುರುಗಳ ಪಕ್ಷದಲ್ಲೇ ಇದ್ದರಂತೆ. ಒಂದು ದಿನ ತೋಟದಲ್ಲಿದ್ದಾಗ ಹದ್ದೊಂದು ಸತ್ತ ಇಲಿಯನ್ನು ಕಚ್ಚಿಕೊಂಡು ಬಂದು ಬಾವಿಗೆ ಬೀಳಿಸಿದ್ದನ್ನು ಕಣ್ಣಾರೆ ಕಂಡು ಅಭಿಪ್ರಾಯ ಬದಲಿಸಿದರೆಂದು ಹನಫಿ ಗ್ರಂಥಗಳು ಹೇಳುತ್ತವೆ. ಊದಿದ ಇಲಿಯೂ ಈಗಷ್ಟೇ ಬಿದ್ದಿರಬಹುದಲ್ಲ!

ಇನ್ನು ಯಾವುದನ್ನು ಮೊದಲು ಮಾಡುವುದು? ಮಗ್ರಿಬ್‌ನ ಹೊತ್ತು ನಡೆಯುತ್ತಿತ್ತು. ಪಶ್ಚಿಮದ ಕೆಂಪು ಆರುವವರೆಗೆ ಅದಕ್ಕೆ ಹೊತ್ತಿದೆ. ಅಬೂ ಹನೀಫಾರ ಪ್ರಕಾರ ಕೆಂಪಿನ ನಂತರದ ಬಿಳುಪೂ ಆರುವವರೆಗೆ. ಹನಫಿ ಮತದಲ್ಲಿ, ಆರಕ್ಕಿಂತ ಕಡಿಮೆ ನಮಾಝ್ ಬಾಕಿ ಇರುವವನು ಬಾಕಿಯನ್ನು ಕ್ರಮವಾಗಿ ತೀರಿಸಿಯೇ ಈ ಹೊತ್ತಿನದಕ್ಕೆ ಬರಬೇಕು. ನಾನು ಇಸ್ಲಾಮಿಗೆ ಬರುವ ಮೊದಲಿನ ವರ್ಷಗಳ ನಮಾಝ್ ನನ್ನ ಲೆಕ್ಕದಲ್ಲಿಲ್ಲ, ಹೊಸದಾಗಿ ಬಂದವನಿಗೆ ಅದರ ಕಝಾ, ಅಂದರೆ ತಪ್ಪಿದ್ದನ್ನು ನಂತರ ತೀರಿಸುವುದು, ಇಲ್ಲ. ಹಾಗಾಗಿ ಬಾಕಿ ಎರಡೇ. ಹಿಜರಿ 5ರ ಕಂದಕ ಯುದ್ಧದಲ್ಲಿ ಶತ್ರುಗಳ ಮುತ್ತಿಗೆಯಿಂದ ತಪ್ಪಿದ ಅಸರನ್ನು ಪ್ರವಾದಿಯವರು ಸೂರ್ಯ ಮುಳುಗಿದ ಮೇಲೆ ಮೊದಲು ಮಾಡಿ, ನಂತರ ಮಗ್ರಿಬ್ ಮಾಡಿದರು. ನನ್ನನ್ನು ಹೇಗೆ ನಮಾಝ್ ಮಾಡುವುದು ಕಂಡಿರೋ ಹಾಗೆ ಮಾಡಿ ಎಂದವರೂ ಅವರೇ. ಆದ್ದರಿಂದ ಕ್ರಮ ಅಗತ್ಯ ಎಂದು ಹನಫಿಗಳು. ಶಾಫಿಈಗಳು ಅದೇ ಘಟನೆಯನ್ನು ಓದಿ, ಅವರು ಮಾಡಿದ್ದು ನಿಜ, ಬರೀ ಮಾಡಿದ್ದರಿಂದ ಕಡ್ಡಾಯವಾಗುವುದಿಲ್ಲ, ಉತ್ತಮ ಎಂದಷ್ಟೇ ಆಗುತ್ತದೆ ಎನ್ನುತ್ತಾರೆ. ಬಾಕಿ ಆರಕ್ಕೆ ಏರಿದರೆ, ಈಗಿನ ಹೊತ್ತು ಮೀರುವಂತಿದ್ದರೆ, ಅಥವಾ ಬಾಕಿ ಇರುವುದೇ ಮರೆತುಹೋಗಿದ್ದರೆ ಹನಫಿಗಳಲ್ಲೂ ಕ್ರಮದ ಕಟ್ಟು ಬೀಳುತ್ತದೆ.

ಝುಹರ್‌ನ ನಾಲ್ಕು ರಕಅತ್ ಫರ್ಝ್‌ಗೆ, ಅಂದರೆ ನಿಂತು ಬಾಗಿ ನೆಲಕ್ಕೆ ಹಣೆಯಿಡುವ ಸುತ್ತು ನಾಲ್ಕು ಇರುವ ಕಡ್ಡಾಯ ನಮಾಝಿಗೆ, ನಿಂತೆ. ಮನಸ್ಸು ಇನ್ನೂ ಉಗುರಿನಲ್ಲೇ ಇತ್ತು. ಎರಡನೆಯ ರಕಅತ್‌ನ ಕೂರುವಿಕೆ ಮುಗಿಸಿ ಎದ್ದದ್ದು ನೆನಪಿದೆ. ಅದಾದ ಮೇಲೆ ನೆಲಕ್ಕೆ ಹಣೆಯಿಟ್ಟ ಸಜ್ದಾದಿಂದ ತಲೆ ಎತ್ತುವಾಗ ಇದು ಮೂರನೆಯದೋ ನಾಲ್ಕನೆಯದೋ ಎಂದು ತಿಳಿಯದಾಯಿತು. ಇಂಥದಕ್ಕೆ ಏನು ಮಾಡಬೇಕೆಂದು ಹಿಂದಿನ ವಾರವೇ ಕಲಿತಿದ್ದೆ. ಇದು ಮೊದಲ ಸಲವಾಗಿದ್ದರೆ ಹನಫಿಗಳು ಮೊದಲಿನಿಂದ ಶುರು ಮಾಡಿಸುತ್ತಾರೆ. ನನಗೆ ಆಗಲೇ ಮೂರ್ನಾಲ್ಕು ಸಲ ಆಗಿತ್ತು. ಅಂಥವನು ಮೊದಲು ಮನಸ್ಸು ಯಾವ ಕಡೆ ಬಲವಾಗಿ ವಾಲುತ್ತದೆ ನೋಡಬೇಕು, ವಾಲಿದರೆ ಅದರಂತೆ ನಡೆಯಬೇಕು. ಯಾವ ಕಡೆಗೂ ವಾಲದಿದ್ದರೆ ಕಡಿಮೆ ಸಂಖ್ಯೆಯನ್ನು ಹಿಡಿಯಬೇಕು. ಮೂರು ಆಗಿದೆ ಎಂಬುದು ಖಚಿತ, ನಾಲ್ಕನೆಯದು ಸಂಶಯ.

ಮೂರೆಂದು ಹಿಡಿದೆ. ಆದರೂ ಇದು ನಾಲ್ಕನೆಯದೇ ಆಗಿರುವ ಸಾಧ್ಯತೆ ಇದೆಯಲ್ಲ, ಕೊನೆಯ ಕೂರುವಿಕೆ ಕಡ್ಡಾಯವಾದ್ದರಿಂದ ಇಲ್ಲೊಮ್ಮೆ ಕೂತು, ಕೂರುವಿಕೆಯಲ್ಲಿ ಹೇಳುವ ಪ್ರಾರ್ಥನೆಯಾದ ಅತ್ತಹಿಯ್ಯಾತ್ ಓದಿದೆ. ಎದ್ದು ಇನ್ನೊಂದು ರಕಅತ್ ಮಾಡಿ ಮತ್ತೆ ಕೂತೆ. ಅತ್ತಹಿಯ್ಯಾತ್ ಓದಿ, ಬಲಕ್ಕೆ ಒಂದು ಸಲಾಮ್ ಹೇಳಿ, ಮರೆವಿನ ಎರಡು ಸಜ್ದಾ ಮಾಡಿ, ಮತ್ತೆ ಅತ್ತಹಿಯ್ಯಾತ್ ಓದಿ ಸಲಾಮ್‌ನಿಂದ ಮುಗಿಸಿದೆ. ಶಾಫಿಈಗಳು ಮನಸ್ಸಿನ ವಾಲುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೇರವಾಗಿ ಕಡಿಮೆಯನ್ನೇ ಹಿಡಿಯುತ್ತಾರೆ, ಆ ಎರಡು ಸಜ್ದಾವನ್ನು ಸಲಾಮಿಗೆ ಮೊದಲೇ ಮಾಡುತ್ತಾರೆ.

ಆ ಸಜ್ದಾಗಳಿಗೆ ಅಬೂ ಸಈದ್ ಅಲ್ ಖುದ್ರಿ (ರ) ವರದಿ ಮಾಡಿದ ಹದೀಸಿನಲ್ಲೇ ಕಾರಣವಿದೆ. ಗೊತ್ತಿಲ್ಲದೆ ಐದು ರಕಅತ್ ಆಗಿದ್ದರೆ ಈ ಎರಡು ಸಜ್ದಾ ಸೇರಿ ಅದನ್ನು ಸಮಸಂಖ್ಯೆಗೆ ತರುತ್ತವೆ; ಸರಿಯಾಗಿ ನಾಲ್ಕೇ ಆಗಿದ್ದರೆ, ಮರೆಸಲು ಬಂದ ಶೈತಾನನಿಗೆ ಅವಮಾನವಾಗುತ್ತದೆ. ನನ್ನದು ಐದಾಗಿತ್ತೋ ನಾಲ್ಕೋ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೂ ಅದು ಪೂರ್ತಿಯಾಗಿದೆ. ಅಸರ್ ಮಾಡಿ ಮಗ್ರಿಬ್ ಮುಗಿಸುವಾಗ ಕಿಟಕಿಯ ಆಚೆ ಇನ್ನೂ ತುಸು ಕೆಂಪಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿಜವಾದ ತೊಂದರೆ ಮರುದಿನ ಶುರುವಾಯಿತು. ಪ್ರತಿ ವುಝೂವಿನಲ್ಲೂ ಹತ್ತು ಉಗುರುಗಳನ್ನು ದೀಪಕ್ಕೆ ಹಿಡಿಯತೊಡಗಿದೆ. ಮೊಣಕೈಗೆ ನೀರು ತಾಗಿತೋ ಇಲ್ಲವೋ, ಹಿಮ್ಮಡಿ ಒಣಗಿತೋ ಏನೋ. ಮೂರು ಸಲದ ಜಾಗದಲ್ಲಿ ಆರು ಸಲ, ಎಂಟು ಸಲ ತೊಳೆದೆ. ವುಝೂ ಮುಗಿಸಿ ನಮಾಝಿಗೆ ನಿಂತರೆ ಹೊಟ್ಟೆಯಲ್ಲಿ ಗಾಳಿ ಅಲುಗಾಡಿದ ಹಾಗಾಗಿ ವುಝೂ ಹೋಯಿತೇನೋ ಎಂದು ಮತ್ತೆ ನಲ್ಲಿಗೆ ಓಡಿದೆ. ಹತ್ತು ದಿನದಲ್ಲಿ ಬೆರಳ ಸಂದಿಗಳ ಚರ್ಮ ಬಿರಿಯಿತು. ಉಸ್ತಾದರು ಅದನ್ನು ನೋಡಿಯೇ ವಿಷಯ ಹಿಡಿದರು.

"ಅವತ್ತು ನಿನಗೆ ಅಂಟು ಕಂಡಿತ್ತು. ಇವತ್ತು ಏನು ಕಂಡಿದೆ?"

"ಏನೂ ಕಂಡಿಲ್ಲ. ಆದರೆ ಇದ್ದರೆ?"

"ಇದ್ದರೆ ಎನ್ನುವುದು ಕಂಡದ್ದಲ್ಲ."

ನಮಾಝಿನಲ್ಲಿ ಏನೋ ಆದಂತೆ ಭಾಸವಾಗುತ್ತದೆ ಎಂದು ಒಬ್ಬರ ಬಗ್ಗೆ ಪ್ರವಾದಿಯವರಲ್ಲಿ ದೂರು ಬಂದಾಗ, ಶಬ್ದ ಕೇಳುವವರೆಗೆ ಅಥವಾ ವಾಸನೆ ತಿಳಿಯುವವರೆಗೆ ಅವನು ನಮಾಝ್ ಬಿಟ್ಟು ಹೋಗಬಾರದು ಎಂದರು. ಬಾವಿಯ ಪ್ರಸಂಗದಲ್ಲಿ ಶಿಷ್ಯರು ಹಿಡಿದ ಸೂತ್ರ ಹುಟ್ಟಿದ್ದು ಇಂಥ ಹದೀಸುಗಳಿಂದಲೇ. ವುಝೂ ಮಾಡುತ್ತಿರುವಾಗಲೇ ಒಂದು ಅಂಗ ತೊಳೆದೆನೋ ಇಲ್ಲವೋ ಎಂಬ ಸಂಶಯ ಅಪರೂಪಕ್ಕೆ ಬಂದರೆ ಆ ಅಂಗ ತೊಳೆಯಬೇಕು. ಅದೇ ಚಾಳಿಯಾಗಿದ್ದರೆ ತಿರುಗಿಯೂ ನೋಡಬಾರದು. ವುಝೂ ಮುಗಿದ ಮೇಲೆ ಬಂದ ಸಂಶಯಕ್ಕಂತೂ ಬೆಲೆಯೇ ಇಲ್ಲ.

ಇಲ್ಲೊಂದು ಅಪವಾದವನ್ನು ಅವರು ಮುಚ್ಚಿಡಲಿಲ್ಲ, ಅದು ನನಗೆ ಇಷ್ಟವಾಯಿತು. ವುಝೂ ಮುರಿಯಿತೋ ಇಲ್ಲವೋ ಎಂದು ನಮಾಝಿಗೆ ನಿಲ್ಲುವ ಮೊದಲೇ ಸಂಶಯ ಬಂದರೆ ಮತ್ತೆ ವುಝೂ ಮಾಡು ಎನ್ನುವುದು ಮಾಲಿಕಿಗಳ ಪ್ರಸಿದ್ಧ ಮತ. ಅವರೂ ನಿಶ್ಚಯವನ್ನೇ ಹಿಡಿದಿದ್ದಾರೆ, ಬೇರೆ ತುದಿಯಿಂದ. ನಮಾಝ್ ನಿನ್ನ ಹೆಗಲ ಮೇಲಿರುವ ಖಚಿತ ಸಾಲ, ಸಂಶಯದ ಶುಚಿಯಿಂದ ಖಚಿತ ಸಾಲ ತೀರುವುದಿಲ್ಲ ಎಂದು 13ನೆಯ ಶತಮಾನದ ಮಾಲಿಕಿ ಪಂಡಿತ ಅಲ್ ಕರಾಫಿ ಇದನ್ನು ಬಿಡಿಸಿ ಹೇಳಿದರು. ಆದರೆ ಸಂಶಯವೇ ಬೆನ್ನು ಹತ್ತಿದವನಿಗೆ ಮಾಲಿಕಿಗಳೂ ವಿನಾಯಿತಿ ಕೊಟ್ಟಿದ್ದಾರೆ. ನನ್ನ ಸ್ಥಿತಿಯಲ್ಲಿದ್ದವನಿಗೆ ನಾಲ್ಕು ಕಡೆಯಿಂದಲೂ ಬರುವ ಉತ್ತರ, ಲೆಕ್ಕಿಸಬೇಡ ಎಂಬುದೇ.

ಹೇಳಿದ್ದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ನಲ್ಲಿಯ ಮುಂದೆ ನಿಂತರೆ ಕೈ ತಾನೇ ನಾಲ್ಕನೆಯ ಸಲಕ್ಕೆ ಹೋಗುತ್ತಿತ್ತು. ಆಗ ಅವರು ನಲ್ಲಿಯ ಬಳಕೆಯನ್ನೇ ಬಿಡಿಸಿದರು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್ (ರ) ಹೇಳಿದ್ದಾರೆ. ಮುದ್ದ್ ಎಂದರೆ ಸಾಧಾರಣ ಮನುಷ್ಯನ ಎರಡು ಕೈ ಕೂಡಿಸಿದ ಬೊಗಸೆ ತುಂಬುವಷ್ಟು ಅಳತೆ. ಬಹುಪಾಲು ಪಂಡಿತರ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ, ಹನಫಿ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ. ಒಂದು ಲೀಟರ್ ಹಿಡಿಯುವ ಚೊಂಬು ತುಂಬಿಸಿ ಕೊಟ್ಟು, ಇದು ಮುಗಿದರೆ ವುಝೂ ಮುಗಿಯಿತು, ಇನ್ನೊಂದು ಚೊಂಬು ಇಲ್ಲ ಎಂದರು. ಮೂರು ಸಲಕ್ಕಿಂತ ಹೆಚ್ಚು ತೊಳೆಯುವವನು ತಪ್ಪು ಮಾಡಿದ, ಹದ್ದು ಮೀರಿದ ಎಂಬ ಹದೀಸನ್ನೂ ಹೇಳಿದರು.

ಮೊದಲ ದಿನ ಬಲಗೈ ಮುಗಿಯುವಾಗಲೇ ಚೊಂಬು ಅರ್ಧ ಖಾಲಿಯಾಗಿತ್ತು, ಕಾಲಿಗೆ ಒಂದೊಂದು ಸಲಕ್ಕೆ ಮಾತ್ರ ನೀರು ಉಳಿಯಿತು. ಒಂದೊಂದು ಸಲವೇ ಫರ್ಝ್, ಆದ್ದರಿಂದ ವುಝೂ ಆಯಿತು. ಎರಡನೆಯ ವಾರಕ್ಕೆ ಕೈ ಅಳತೆ ಕಲಿಯಿತು. ನೀರನ್ನು ಸುರಿಯುವ ಬದಲು ಅಂಗೈಯಲ್ಲಿ ಹಿಡಿದು, ಮೊಣಕೈಯಿಂದ ಬೆರಳ ತುದಿಯವರೆಗೆ ಉಜ್ಜಿಕೊಂಡು ಹೋದರೆ ಎಲ್ಲ ಜಾಗಕ್ಕೂ ತಲುಪುತ್ತದೆ, ನೀರೂ ಉಳಿಯುತ್ತದೆ. ಅಂಟಿನ ಕೆಲಸ ಮಾಡಿದ ದಿನ ಮಾತ್ರ, ವುಝೂವಿಗೆ ಮೊದಲು, ಉಗುರುಗಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ. ಬೇರೆ ದಿನ ನೋಡುವುದಿಲ್ಲ.

ಈಗ ಕಾಲು ತೊಳೆದ ಮೇಲೂ ಚೊಂಬಿನ ತಳದಲ್ಲಿ ಎರಡು ಗುಟುಕು ನೀರು ಇರುತ್ತದೆ. ಅಲಿ (ರ) ಒಮ್ಮೆ ವುಝೂ ಮಾಡಿ ಉಳಿದ ನೀರನ್ನು ನಿಂತುಕೊಂಡೇ ಕುಡಿದು, ಪ್ರವಾದಿಯವರೂ ಹೀಗೆ ಮಾಡಿದ್ದನ್ನು ಕಂಡಿದ್ದೇನೆ ಎಂದರು. ನಾನೂ ಅದನ್ನು ನಿಂತು ಕುಡಿದು, ಚೊಂಬನ್ನು ಬೋರಲು ಹಾಕಿ, ನಮಾಝಿಗೆ ಹೋಗುತ್ತೇನೆ.